ಸೈಕ್ಲಾಯ್ಡ್ ಕಮಾನಿನ ವಿಸ್ತೀರ್ಣ: 3πr² ಬದಲು 2πr² ಬಂದರೆ ಅದು ಯಾವುದರ ವಿಸ್ತೀರ್ಣ?

ಲೆಕ್ಕದಮೇಡಂ
ಎಲ್ಲರಿಗೂ ನಮಸ್ಕಾರ. ಪದವಿ ಮಕ್ಕಳಿಗೆ ಕ್ಯಾಲ್ಕುಲಸ್ ಪಾಠ ಮಾಡ್ತೀನಿ. ಉರುಳುವ ಚಕ್ರದ ಅಂಚಿನ ಒಂದು ಬಿಂದು ಎಳೆಯುವ ರೇಖೆಯಾದ ಸೈಕ್ಲಾಯ್ಡ್‌ನ ಒಂದು ಕಮಾನಿನ ಕೆಳಗಿನ ವಿಸ್ತೀರ್ಣ ಕೇಳಿದ್ದೆ. ಕೊಟ್ಟಿದ್ದು ಮಾಮೂಲಿ ಸಮೀಕರಣಗಳೇ:

x = r(θ − sin θ), y = r(1 − cos θ)

ಬರಬೇಕಾದ್ದು 3πr². ಒಬ್ಬ ಹುಡುಗ 2πr² ಅಂತ ಬರೆದಿದ್ದಾನೆ. ಹೆಜ್ಜೆಗಳು ಅಚ್ಚುಕಟ್ಟಾಗಿವೆ, ಒಂದು ಕಡೆ ಬಿಟ್ಟು. dx ಬರೆಯುವಾಗ "ಚಕ್ರ dθ ತಿರುಗಿದರೆ ನೆಲದ ಮೇಲೆ r dθ ಮುಂದೆ ಹೋಗುತ್ತದೆ, ಆದ್ದರಿಂದ dx = r dθ" ಅಂದಿದ್ದಾನೆ. ಆಮೇಲೆ ∫ r(1 − cos θ)·r dθ, 0 ಇಂದ 2π ವರೆಗೆ, 2πr².

ತಪ್ಪು ಎಲ್ಲಿದೆ ಅಂತ ನನಗೆ ಗೊತ್ತು. ಸುಮ್ಮನೆ ಕೆಂಪು ಗೀಟು ಹಾಕಿ ವಾಪಸ್ ಕೊಡೋಕೆ ಮನಸ್ಸಿಲ್ಲ. ಅವನು ಹುಡುಗಾಟಕ್ಕೆ ಬರೆದಿದ್ದಲ್ಲ, ಚಕ್ರ ಉರುಳೋದನ್ನ ಕಣ್ಣ ಮುಂದೆ ತಂದುಕೊಂಡು ಬರೆದಿದ್ದಾನೆ. ನನ್ನ ಪ್ರಶ್ನೆ ಇಷ್ಟೇ: ಅವನಿಗೆ ಸಿಕ್ಕಿದ 2πr² ನಿಜಕ್ಕೂ ಯಾವುದಾದರೂ ಆಕೃತಿಯ ವಿಸ್ತೀರ್ಣವೇ? ಹೌದಾದರೆ, ಕಳೆದುಹೋದ πr² ಎಲ್ಲಿದೆ ಅಂತ ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದೇ?

ಶೂನ್ಯಬಿಂದು
dx = r(1 − cos θ) dθ. ಅವನು cos ಪದ ಬಿಟ್ಟ, ಅಷ್ಟೇ. ಇದರಲ್ಲಿ ಆಕೃತಿ ಹುಡುಕೋದು ಏನಿದೆ?

ಕಡಲಹಕ್ಕಿ
ಉತ್ತರ 8r ಅಲ್ವಾ? ನಾನು ಓದಿದ್ದು ಹಾಗೇ ನೆನಪು.

ಶೂನ್ಯಬಿಂದು
@ಕಡಲಹಕ್ಕಿ ಅದು ಕಮಾನಿನ ಉದ್ದ. ಇಲ್ಲಿ ಕೇಳಿರೋದು ಅದರ ಕೆಳಗಿನ ಜಾಗ. ವಿಸ್ತೀರ್ಣ ಅಂದಮೇಲೆ r² ಬರಲೇಬೇಕು.

ಕಡಲಹಕ್ಕಿ
ಓ ಸರಿ. ಉದ್ದದಲ್ಲಿ π ಇಲ್ಲ, ವಿಸ್ತೀರ್ಣದಲ್ಲಿ ಇದೆ. ವಿಚಿತ್ರವಾಗಿದೆ.

ಹಳೇಪೆನ್ಸಿಲ್
ಮೇಡಂ, ನಿಮ್ಮ ಪ್ರಶ್ನೆ ಬಹಳ ಹಿಡಿಸಿತು. ಆ 2πr² ಖಂಡಿತ ಒಂದು ಆಕೃತಿಯ ವಿಸ್ತೀರ್ಣ. ಅದೂ ಅಂಥಿಂಥ ಆಕೃತಿ ಅಲ್ಲ, ಈ ಲೆಕ್ಕವನ್ನು ಮೊದಲು ಬಿಡಿಸಿದ ರೋಬರ್ವಾಲ್ ಬಳಸಿದ್ದೇ ಅದನ್ನು.

ಎರಡು ಬಿಂದುಗಳನ್ನು ಒಟ್ಟಿಗೆ ಓಡಿಸಿ ನೋಡಿ. ಒಂದು ಚಕ್ರದ ಅಂಚಿನ ಮೇಲಿನ ನಿಜವಾದ ಬಿಂದು, ಅದನ್ನು P ಅನ್ನೋಣ. ಇನ್ನೊಂದು Q, ಇದು ಯಾವಾಗಲೂ P ಇರುವ ಎತ್ತರದಲ್ಲೇ ಇರುತ್ತೆ, ಆದರೆ ಚಕ್ರದ ಕೇಂದ್ರದ ನೇರಕ್ಕೆ. ಅಂದರೆ Q ಗೆ x = rθ, y = r(1 − cos θ). ನಿಮ್ಮ ಹುಡುಗ ಎತ್ತರವನ್ನು P ಇಂದ ತಗೊಂಡ, ಅಡ್ಡಲಾಗಿ ಚಲಿಸಿದ ದೂರವನ್ನು ಕೇಂದ್ರದಿಂದ ತಗೊಂಡ. ಹಾಗಾಗಿ ಅವನು ಕಂಡುಹಿಡಿದಿದ್ದು Q ಎಳೆಯುವ ಗೆರೆಯ ಕೆಳಗಿನ ವಿಸ್ತೀರ್ಣ.

ಈಗ ಕಳೆದುಹೋದ ಭಾಗ. ಒಂದೇ θ ಗೆ P ಮತ್ತು Q ಒಂದೇ ಎತ್ತರದಲ್ಲಿವೆ, ನಡುವಿನ ಅಂತರ r sin θ. θ = π/2 ಹಾಕಿ, r = 1 ಇರಲಿ. ಎತ್ತರ 1. ಕೇಂದ್ರ 1.571 ದೂರ ಬಂದಿದೆ, P ಇನ್ನೂ 0.571 ರಲ್ಲಿದೆ. ಅಂತರ ಸರಿಯಾಗಿ 1, ಚಕ್ರದ ತ್ರಿಜ್ಯದಷ್ಟು. ಇದು ಕಾಕತಾಳೀಯ ಅಲ್ಲ. ಯಾವ ಎತ್ತರದಲ್ಲಿ ನೋಡಿದರೂ ಈ ಅಂತರ ಆ ಎತ್ತರದಲ್ಲಿ ಚಕ್ರದ ಅರ್ಧ ಅಗಲಕ್ಕೆ ಸಮ, ಯಾಕಂದರೆ P ಇರೋದೇ ಚಕ್ರದ ಮೇಲೆ, Q ಇರೋದು ಅದರ ನಡುಗೆರೆಯ ಮೇಲೆ.

ಅಂದಮೇಲೆ ಎಡಗಡೆ ಎರಡು ಗೆರೆಗಳ ನಡುವೆ ಸಿಗುವ ಬಾಗಿದ ಪಟ್ಟಿಯನ್ನು ಅಡ್ಡಡ್ಡ ತೆಳು ಎಳೆಗಳಾಗಿ ಸೀಳಿದರೆ, ಪ್ರತಿ ಎಳೆಯೂ ಅರ್ಧ ವೃತ್ತದ ಅದೇ ಎತ್ತರದ ಎಳೆಯಷ್ಟೇ ಉದ್ದ. ಎಳೆಗಳು ಅಕ್ಕಪಕ್ಕ ಜರುಗಿವೆ, ಉದ್ದ ಬದಲಾಗಿಲ್ಲ. ಹಾಗಾಗಿ ಪಟ್ಟಿಯ ವಿಸ್ತೀರ್ಣ πr²/2. ಬಲಗಡೆ ಇನ್ನೊಂದು ಅಂಥದ್ದೇ. ಎರಡೂ ಸೇರಿ ಒಂದು ಪೂರ್ತಿ ಚಕ್ರ. ನಿಮ್ಮ ಹುಡುಗ ಕಳೆದುಕೊಂಡದ್ದು ಉರುಳುತ್ತಿರುವ ಚಕ್ರವನ್ನೇ.

ಲೆಕ್ಕದಮೇಡಂ
ಸರ್, ನನಗೆ ಬೇಕಾಗಿದ್ದು ಇದೇ! ಸಮೀಕರಣದಲ್ಲೂ ಹಾಗೇ ಒಡೆಯುತ್ತೆ, ಈಗ ಗಮನಿಸಿದೆ. dx = r dθ − r cos θ dθ. ಮೊದಲ ತುಂಡು 2πr² ಕೊಡುತ್ತೆ. ಎರಡನೇ ತುಂಡು r²∫(−cos θ + cos²θ) dθ. cos θ ಒಂದು ಪೂರ್ತಿ ಸುತ್ತಿನಲ್ಲಿ ಸೊನ್ನೆ, cos²θ ದ ಸರಾಸರಿ ಅರ್ಧ, ಹಾಗಾಗಿ πr². ಅವನ ಲೆಕ್ಕಕ್ಕೆ ಮುಂದಿನ ಸಾಲು ಸೇರಿಸಿದರೆ ಸಾಕು, ಅಳಿಸೋದೇ ಬೇಡ.

ರಾತ್ರಿಪಾಳಿ
ಆದರೆ Q ಗೆರೆಯ ಕೆಳಗೆ 2πr² ಅನ್ನೋದಕ್ಕೆ ಮತ್ತೆ ಇಂಟಿಗ್ರೇಷನ್ ಬೇಕಲ್ಲ? ಹಾಗಾದರೆ ಚಿತ್ರದಿಂದ ಉಳಿಸಿದ್ದೇನು?

ಹಳೇಪೆನ್ಸಿಲ್
@ರಾತ್ರಿಪಾಳಿ ಬೇಡ. ಎಡ ಅರ್ಧ ಮಾತ್ರ ನೋಡಿ, πr ಅಗಲ, 2r ಎತ್ತರದ ಆಯತ. Q ಕೆಳಗಿನ ಎಡಮೂಲೆಯಿಂದ ಹೊರಟು ಮೇಲಿನ ಬಲಮೂಲೆಗೆ ಹೋಗುತ್ತೆ. ಆಯತವನ್ನು ಅದರ ನಡುಬಿಂದುವಿನ ಸುತ್ತ ಅರ್ಧ ಸುತ್ತು ತಿರುಗಿಸಿದರೆ Q ಗೆರೆ ತನ್ನ ಮೇಲೇ ಬಂದು ಕೂರುತ್ತೆ. ಅಂದರೆ ಕೆಳಗಿನ ಭಾಗ, ಮೇಲಿನ ಭಾಗ ಎರಡೂ ಸಮ. ಆಯತ 2πr², ಅರ್ಧ πr². ಬಲ ಅರ್ಧದ್ದೂ ಸೇರಿಸಿ 2πr².

ರಾತ್ರಿಪಾಳಿ
ಒಪ್ಪಿದೆ. ಇಡೀ ಲೆಕ್ಕದಲ್ಲಿ ಒಂದೂ ಇಂಟಿಗ್ರೇಷನ್ ಇಲ್ಲ.

ಅಡ್ಡಗೆರೆ
ಚಿತ್ರ ಚೆನ್ನಾಗಿದೆ, ಆದರೆ ಪರೀಕ್ಷೆಯಲ್ಲಿ ಹುಡುಗ ಇದನ್ನೆಲ್ಲ ಬರೆಯಲ್ಲ. ಅವನಿಗೆ ಬೇಕಾಗಿರೋದು ತನ್ನ ಉತ್ತರ ತಪ್ಪು ಅಂತ ತಾನೇ ಹಿಡಿಯೋ ದಾರಿ. ಕಮಾನಿನ ಬುಡದ ಎರಡು ತುದಿ, ನೆತ್ತಿ, ಈ ಮೂರಕ್ಕೆ ಗೆರೆ ಎಳೆದರೆ ತ್ರಿಕೋನ ಬರುತ್ತೆ. ಬುಡ 2πr, ಎತ್ತರ 2r, ವಿಸ್ತೀರ್ಣ 2πr². ಕಮಾನು ತ್ರಿಕೋನದ ಹೊರಗೆ ಉಬ್ಬಿದೆ. ಹಾಗಾಗಿ ಉತ್ತರ 2πr² ಗಿಂತ ಜಾಸ್ತಿ ಇರಲೇಬೇಕು. ಸುತ್ತಲಿನ ಆಯತ 4πr², ಅದಕ್ಕಿಂತ ಕಮ್ಮಿ ಇರಬೇಕು. ಅವನ ಉತ್ತರ ತ್ರಿಕೋನಕ್ಕೆ ಸರಿಸಮ ಬಂದಿದೆ ಅಂದಾಗಲೇ ಅನುಮಾನ ಬರಬೇಕಿತ್ತು.

ಶೂನ್ಯಬಿಂದು
ಇದು ಉಪಯೋಗದ ಮಾತು. ಇನ್ನೂ ಗಟ್ಟಿ ಬೇಕಾದರೆ ಕೈಯಲ್ಲೇ ಮಾಡಬಹುದು. r = 1 ಇಟ್ಟು θ ವನ್ನು ಕಾಲು ಕಾಲು ಸುತ್ತು ಏರಿಸಿದೆ. ಬಿಂದುಗಳು (0, 0), (0.571, 1), (3.142, 2), ಆಮೇಲೆ ಕನ್ನಡಿಯಂತೆ ಇಳಿಯುತ್ತೆ. ನಡುವೆ ನೇರ ಗೆರೆ ಎಳೆದು ಟ್ರೆಪೀಜಿಯಂ ಕೂಡಿಸಿದರೆ ಎಡಕ್ಕೆ 0.285 + 3.856, ಎರಡೂ ಕಡೆ ಸೇರಿ 8.28. ಈ ನೇರ ಗೆರೆಗಳೆಲ್ಲ ಕಮಾನಿನ ಒಳಗೇ ಇವೆ, ಹಾಗಾಗಿ ನಿಜವಾದ ವಿಸ್ತೀರ್ಣ 8.28 ಕ್ಕಿಂತ ಹೆಚ್ಚು. 2π ಅಂದರೆ 6.28, ಅದು ಸಾಧ್ಯವೇ ಇಲ್ಲ. ಸುತ್ತಿನ ಎಂಟನೇ ಒಂದು ಭಾಗದಂತೆ ಏರಿಸಿದರೆ 9.11. 3π = 9.42 ಕಡೆಗೆ ಹತ್ತುತ್ತಾ ಹೋಗುತ್ತೆ.

ಕಡಲಹಕ್ಕಿ
ನಾನು ಕ್ಯಾಲ್ಕುಲೇಟರಲ್ಲಿ ಮಾಡಿದೆ, θ = 90 ಗೆ x = 89 ಬಂತು. ಎಲ್ಲಿ ತಪ್ಪಿದೆ?

ಶೂನ್ಯಬಿಂದು
@ಕಡಲಹಕ್ಕಿ ರೇಡಿಯನ್‌ಗೆ ಬದಲಾಯಿಸಿ. rθ ಅನ್ನೋದು ಉರುಳಿದ ದೂರ ಆಗೋದು θ ರೇಡಿಯನ್‌ನಲ್ಲಿದ್ದಾಗ ಮಾತ್ರ. sin ನ ಒಳಗೆ ಡಿಗ್ರಿ ಹಾಕಿದರೆ ಕ್ಯಾಲ್ಕುಲೇಟರ್ ಸರಿಯಾಗಿಯೇ ಹೇಳುತ್ತೆ, ಹೊರಗೆ ಒಂಟಿಯಾಗಿ ನಿಂತಿರೋ θ ಕೈಕೊಡುತ್ತೆ.

ಬೆಟ್ಟದಹೂ
ನಮ್ಮ ತರಗತಿಯಲ್ಲಿ ಜಾಸ್ತಿ ಜನ ಎಡವೋದು dx ನಲ್ಲಿ ಅಲ್ಲ, ಮಿತಿಗಳಲ್ಲಿ. x 0 ಇಂದ 2πr ವರೆಗೆ ಹೋಗುತ್ತೆ ಅಂತ dθ ಇರೋ ಇಂಟಿಗ್ರಲ್‌ಗೂ 2πr ಹಾಕಿಬಿಡ್ತಾರೆ. r = 1 ಇಟ್ಟುಕೊಂಡು ಅಭ್ಯಾಸ ಮಾಡಿದವರಿಗೆ ಇದು ಗೊತ್ತೇ ಆಗಲ್ಲ, ಎರಡೂ 2π ಆಗಿಬಿಡುತ್ತೆ. r = 3 ಕೊಟ್ಟ ದಿನ ಉತ್ತರದೊಳಗೆ sin 6π, sin 12π ಎಲ್ಲ ಬಂದು ಸೊನ್ನೆ ಆಗುತ್ತೆ, ನೋಡೋಕೆ ಸರಿ ಅನ್ನಿಸುತ್ತೆ, ಬರೋದು ಮಾತ್ರ ಮೂರು ಕಮಾನುಗಳ ವಿಸ್ತೀರ್ಣ. ಅದಕ್ಕೇ ನಾನು ಮೊದಲು 2.5 ಥರದ ತ್ರಿಜ್ಯ ಕೊಡ್ತಿದ್ದೆ. ಆಗ sin ಪದಗಳು ಕೆಲವು ಸಾಯಲ್ಲ ಅಂದುಕೊಂಡಿದ್ದೆ, ಆದರೆ 2.5 ಕ್ಕೂ sin 5π ಸೊನ್ನೆಯೇ. 2.3 ಕೊಟ್ಟರೆ ಮಾತ್ರ ಉಳಿದುಕೊಳ್ಳುತ್ತೆ, ಆಗ ಹುಡುಗರು ನಿಂತು ನೋಡ್ತಾರೆ.

ಅಡ್ಡಗೆರೆ
@ಬೆಟ್ಟದಹೂ ಅದು ಒಳ್ಳೆ ಉಪಾಯ. ಕಮಾನು ಎಷ್ಟು ಅಂತ ತೀರ್ಮಾನಿಸೋದು θ, ಚಕ್ರದ ಗಾತ್ರ ಅಲ್ಲ. ದೊಡ್ಡ ಚಕ್ರಕ್ಕೂ ಒಂದು ಕಮಾನಿಗೆ ಒಂದೇ ಸುತ್ತು.

ನೀಲಿಶಾಯಿ
ಒಂದು ಮಾತು. ಇಲ್ಲಿ ಪ್ಯಾರಾಮೀಟರ್ ಬಿಟ್ಟು ಬೇರೆ ದಾರಿಯೇ ಇಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಬೇಕು. θ ತೆಗೆದುಹಾಕೋಕೆ ಆಗಲ್ಲ. ನಮ್ಮ ಕಾಲದಲ್ಲಿ ಅರ್ಧ ಗಂಟೆ ಅದರಲ್ಲೇ ಕಳೀತಿದ್ವಿ.

ಹಳೇಪೆನ್ಸಿಲ್
@ನೀಲಿಶಾಯಿ ಅರ್ಧ ಒಪ್ತೀನಿ. y ಅನ್ನು x ನ ಸೂತ್ರವಾಗಿ ಬರೆಯೋಕೆ ಆಗಲ್ಲ, ನಿಜ. θ − sin θ ಇಂದ θ ವನ್ನು ಬಿಡಿಸೋ ಸೂತ್ರ ನಮಗೆ ಗೊತ್ತಿರೋ ಫಂಕ್ಷನ್‌ಗಳಲ್ಲಿ ಇಲ್ಲ. ಆದರೆ ತಿರುಗಿಸಿ x ಅನ್ನು y ಮೂಲಕ ಬರೆಯಬಹುದು. ಎಡ ಅರ್ಧಕ್ಕೆ x = r·arccos(1 − y/r) − √(2ry − y²). ಆ ವರ್ಗಮೂಲವೇ ನಾನು ಮೇಲೆ ಹೇಳಿದ ಚಕ್ರದ ಅರ್ಧ ಅಗಲ.

ಇದನ್ನು y 0 ಇಂದ 2r ವರೆಗೆ ಇಂಟಿಗ್ರೇಟ್ ಮಾಡಿದರೆ ಕಮಾನಿನ ಎಡಕ್ಕೆ, ಆಯತದೊಳಗೆ ಖಾಲಿ ಉಳಿದ ಜಾಗ ಸಿಗುತ್ತೆ: πr²/2. ಅರ್ಧ ಆಯತ 2πr² ಇಂದ ಕಳೆದರೆ 3πr²/2, ದುಪ್ಪಟ್ಟು 3πr². ದಾರಿ ಇದೆ, ಸ್ವಲ್ಪ ಸುತ್ತು.

ನೀಲಿಶಾಯಿ
ಸರಿ, ದಾರಿ ಇದೆ. ಆದರೂ arccos ನ ಇಂಟಿಗ್ರಲ್ ಬಿಡಿಸೋಕೆ ಕೊನೆಗೆ y = r(1 − cos θ) ಅಂತ ಹಾಕಲೇಬೇಕು. ಅಂದರೆ ಮತ್ತೆ θ ಗೇ ಬಂದ್ವಿ.

ಹಳೇಪೆನ್ಸಿಲ್
ಭಾಗಶಃ ಇಂಟಿಗ್ರೇಷನ್‌ನಲ್ಲಿ ನೇರವಾಗೂ ಆಗುತ್ತೆ. ಸುಲಭ ಅನ್ನಲ್ಲ.

ಗಾಳಿಪಟ
ನನಗೆ −3πr² ಬಂತು! ½∮(x dy − y dx) ಸೂತ್ರ ಬಳಸಿದೆ. ಮೂರು ಸಲ ಪರೀಕ್ಷಿಸಿದರೂ ಅದೇ.

ಅಡ್ಡಗೆರೆ
@ಗಾಳಿಪಟ ದಿಕ್ಕು. θ ಏರಿದಂತೆ ಕಮಾನಿನ ಮೇಲೆ ಎಡದಿಂದ ಬಲಕ್ಕೆ ಹೋಗ್ತೀರಿ, ನೆಲದ ಮೇಲೆ ವಾಪಸ್. ಅದು ಪ್ರದಕ್ಷಿಣೆ, ಸೂತ್ರ ಕೇಳೋದು ಅಪ್ರದಕ್ಷಿಣೆ. ಚಿಹ್ನೆ ಬದಲಿಸಿದರೆ ಆಯ್ತು. ನೆಲದ ಮೇಲಿನ ವಾಪಸಾತಿಯಲ್ಲಿ y ಯೂ ಸೊನ್ನೆ, dy ಯೂ ಸೊನ್ನೆ, ಅಲ್ಲಿಂದ ಏನೂ ಸೇರಲ್ಲ.

ರಾತ್ರಿಪಾಳಿ
ಅಂದಹಾಗೆ ಇದು "ಮೂರು ಪಟ್ಟು" ಅಂತ ಕಂಡುಹಿಡಿದದ್ದು ಗೆಲಿಲಿಯೋ ಅಲ್ವಾ? ರೋಬರ್ವಾಲ್ ಹೆಸರು ಎಲ್ಲಿಂದ ಬಂತು?

ಹಳೇಪೆನ್ಸಿಲ್
ಈ ರೇಖೆಗೆ ಸೈಕ್ಲಾಯ್ಡ್ ಅನ್ನೋ ಹೆಸರಿಟ್ಟವನು ಗೆಲಿಲಿಯೋ. ಕಮಾನಿನ ಆಕಾರವನ್ನು ತುಂಡು ಕತ್ತರಿಸಿ, ಚಕ್ರದ ಆಕಾರದ ತುಂಡಿನ ಜೊತೆ ತೂಗಿ ನೋಡಿದ. ಮೂರು ಪಟ್ಟಿನ ಹತ್ತಿರ ಬಂತು. ಆದರೆ ಸರಿಯಾಗಿ ಮೂರು ಅಂತ ಅವನಿಗೆ ನಂಬಿಕೆ ಬರಲಿಲ್ಲ, ಅದು ಪೂರ್ಣಸಂಖ್ಯೆ ಅಲ್ಲ ಅಂತಲೇ ಅನುಮಾನಪಟ್ಟ. ತೂಕದಿಂದ 2.98 ಕ್ಕೂ 3 ಕ್ಕೂ ಇರೋ ವ್ಯತ್ಯಾಸ ತೀರ್ಮಾನ ಆಗಲ್ಲವಲ್ಲ.

ಸಾಧಿಸಿದ್ದು ರೋಬರ್ವಾಲ್, 1630ರ ದಶಕದಲ್ಲಿ. ಆದರೆ ಆಗ ಪ್ರಕಟಿಸಲಿಲ್ಲ. ಪ್ಯಾರಿಸ್‌ನಲ್ಲಿ ಅವನಿದ್ದ ಪ್ರಾಧ್ಯಾಪಕ ಹುದ್ದೆಗೆ ಮೂರು ವರ್ಷಕ್ಕೊಮ್ಮೆ ಸ್ಪರ್ಧೆ ನಡೀತಿತ್ತು. ಹೊಸ ವಿಧಾನಗಳನ್ನು ಗುಟ್ಟಾಗಿಟ್ಟುಕೊಂಡರೆ ಹುದ್ದೆ ಉಳಿಯುತ್ತೆ. 1644ರಲ್ಲಿ ಟೊರಿಚೆಲ್ಲಿ ತನ್ನ ಸಾಧನೆ ಅಚ್ಚು ಹಾಕಿಸಿದಾಗ ರೋಬರ್ವಾಲ್ ಕಳ್ಳತನದ ಆರೋಪ ಹೊರಿಸಿದ.

ರಾತ್ರಿಪಾಳಿ
ಬಚ್ಚಿಟ್ಟುಕೊಂಡವನಿಗೆ ದೂರುವ ಹಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಪ್ರಕಟಿಸಿದವನಿಗೇ ಶ್ರೇಯಸ್ಸು.

ನೀಲಿಶಾಯಿ
ಹಾಗನ್ನೋಕಾಗಲ್ಲ. ಹೊಟ್ಟೆಪಾಡಿನ ಪ್ರಶ್ನೆ ಇದ್ದಾಗ ಯಾರಾದರೂ ಬಚ್ಚಿಡ್ತಾರೆ. ಟೊರಿಚೆಲ್ಲಿ ಕದ್ದ ಅನ್ನೋದಕ್ಕೂ ಆಧಾರ ಬೇಕು.

ಉರುಳುಗಲ್ಲು
ಚರ್ಚೆ ಇತಿಹಾಸಕ್ಕೆ ಹೋಗೋ ಮುಂಚೆ ನನ್ನದೊಂದು ಪ್ರಶ್ನೆ. ನಾನು ಅನಿಮೇಷನ್ ಕೆಲಸ ಮಾಡೋನು. ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸೋ ರಿಫ್ಲೆಕ್ಟರ್ ಎಳೆಯೋ ದಾರಿ ಬೇಕಾಗಿತ್ತು, ಅದರ ಕೆಳಗಿನ ಜಾಗಕ್ಕೆ ಬಣ್ಣ ತುಂಬಬೇಕು. ಇದು ಅಂಚಿನ ಮೇಲಿಲ್ಲ, ಕೇಂದ್ರದಿಂದ d ದೂರದಲ್ಲಿದೆ, d ಅನ್ನೋದು r ಗಿಂತ ಕಮ್ಮಿ. 3πr² ಅನ್ನೋದನ್ನ 3πd² ಮಾಡಿದರೆ ಸರಿಹೋಗುತ್ತಾ?

ಅಡ್ಡಗೆರೆ
@ಉರುಳುಗಲ್ಲು ಇಲ್ಲ. ಕೇಂದ್ರದಲ್ಲೇ ಇಟ್ಟರೆ, d = 0, ನಿಮ್ಮ ಸೂತ್ರ ಸೊನ್ನೆ ಅನ್ನುತ್ತೆ. ಆದರೆ ಕೇಂದ್ರ ನೆಲದಿಂದ r ಎತ್ತರದಲ್ಲಿ ನೇರ ಹೋಗುತ್ತೆ, ಅದರ ಕೆಳಗೆ 2πr × r ಆಯತ ಇದೆ.

ಹಳೇಪೆನ್ಸಿಲ್
ಇದು ಮೂಲ ಪ್ರಶ್ನೆಗೇ ಬಂದು ಸೇರುತ್ತೆ, ನೋಡಿ. ರಿಫ್ಲೆಕ್ಟರ್‌ಗೆ x = rθ − d sin θ, y = r − d cos θ. dx ತೆಗೆದರೆ (r − d cos θ) dθ. ಅಂದರೆ dx = y dθ! ಸೈಕ್ಲಾಯ್ಡ್‌ಗೂ ಇದೇ ಆಗಿತ್ತು. ಕಾರಣ ಇಷ್ಟೇ: ಜಾರದೆ ಉರುಳುವ ಚಕ್ರ ಆ ಕ್ಷಣಕ್ಕೆ ನೆಲ ಮುಟ್ಟಿದ ಬಿಂದುವಿನ ಸುತ್ತ ತಿರುಗುತ್ತಿರುತ್ತೆ, ಹಾಗಾಗಿ ಯಾವುದೇ ಬಿಂದು ಅಡ್ಡಕ್ಕೆ ಸಾಗುವ ವೇಗ ಅದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ತಕ್ಕಂತೆ. ನೆಲ ಮುಟ್ಟಿದ ಬಿಂದು ನಿಂತೇ ಇರುತ್ತೆ, ನೆತ್ತಿಯದು ಕೇಂದ್ರದ ಎರಡರಷ್ಟು ವೇಗದಲ್ಲಿ ಓಡುತ್ತೆ. ಮೇಡಂ, ನಿಮ್ಮ ಹುಡುಗ ಇಡೀ ಚಕ್ರ ಒಂದೇ ವೇಗದಲ್ಲಿ ಮುಂದೆ ಹೋಗುತ್ತೆ ಅಂದುಕೊಂಡಿದ್ದ.

ವಿಸ್ತೀರ್ಣ ∫ y² dθ. ಬಿಡಿಸಿದರೆ 2πr² + πd². ಮೊದಲ ಭಾಗ ಕೇಂದ್ರದ ದಾರಿಯ ಕೆಳಗಿನ ಆಯತ, ಎರಡನೇ ಭಾಗ ರಿಫ್ಲೆಕ್ಟರ್ ಸುತ್ತುವ ವೃತ್ತ. d = r ಆದಾಗ 3πr².

ಲೆಕ್ಕದಮೇಡಂ
ಅವನು ಚಕ್ರ ಉರುಳೋದನ್ನ ನೋಡಿ ಬರೆದಿದ್ದ, ತಿದ್ದುಪಡಿಯೂ ಅದೇ ಚಕ್ರದಿಂದ ಬಂತು. ನಾಳೆ ತರಗತಿಯಲ್ಲಿ dx = y dθ ಇಂದಲೇ ಶುರು ಮಾಡ್ತೀನಿ.

ಉರುಳುಗಲ್ಲು
ಬಹಳ ಉಪಕಾರ. r = 30, d = 20 ಹಾಕಿದೆ, 2200π ಬಂತು, ಅಂದರೆ ಸುಮಾರು 6912. ತೆರೆಯ ಮೇಲೆ ಪಿಕ್ಸೆಲ್ ಎಣಿಸಿದ್ದಕ್ಕೂ ಹೊಂದುತ್ತೆ. ರೈಲು ಗಾಲಿಯ ಅಂಚುಪಟ್ಟಿ ಹಳಿಗಿಂತ ಕೆಳಗೆ ಇಳಿಯುತ್ತಲ್ಲ, ಅಲ್ಲಿ d > r. ಅದಕ್ಕೂ ಇದೇ ಸೂತ್ರವಾ?

ಶೂನ್ಯಬಿಂದು
ಸೂತ್ರ ನಡೆಯುತ್ತೆ, ಅದರ ಅರ್ಥ ಬದಲಾಗುತ್ತೆ. r = 1, d = 2 ಅಂತ ಅತಿಯಾಗಿಯೇ ತಗೊಂಡು ನೋಡಿದೆ. ಸೂತ್ರ 6π, ಅಂದರೆ 18.85. ಆದರೆ ಗೆರೆ ಹಳಿಯ ಕೆಳಗೆ ಹೋದಾಗ ಬಿಂದು ಹಿಂದಕ್ಕೆ ಸಾಗುತ್ತೆ. y ಯೂ ಋಣ, dx ಕೂಡ ಋಣ, ಗುಣಿಸಿದರೆ ಧನ. ಹಾಗಾಗಿ ಹಳಿಯ ಕೆಳಗಿನ 1.09 ಕೂಡ ಲೆಕ್ಕಕ್ಕೆ ಸೇರಿಕೊಂಡಿದೆ. ಹಳಿಯ ಮೇಲಿನದು ಮಾತ್ರ ಬೇಕಾದರೆ 4π + 3√3, ಅಂದರೆ 17.76.

ಅಡ್ಡಗೆರೆ
ಅದೂ ಪೂರ್ತಿ ಸರಿಯಲ್ಲ. ನಿಮ್ಮ ಆ ಕಮಾನಿನ ಬುಡ 7.65, ಒಂದು ಸುತ್ತಿನ ದೂರ 6.28. ಅಕ್ಕಪಕ್ಕದ ಕಮಾನುಗಳು ಬುಡದಲ್ಲಿ ಒಂದರ ಮೇಲೊಂದು ಬರುತ್ತವೆ. ಬಣ್ಣ ತುಂಬೋರಿಗೆ ಆ ಜಾಗ ಎರಡು ಸಲ ಎಣಿಸಿದಂತೆ ಆಗುತ್ತೆ.

ಶೂನ್ಯಬಿಂದು
ಒಂದೇ ಕಮಾನು ಅಂತ ಕೇಳಿದರೆ 17.76 ಸರಿ. ಪಕ್ಕದ ಕಮಾನು ಯಾಕೆ ತರ್ತೀರಿ?

ಅಡ್ಡಗೆರೆ
ಸಾಲಾಗಿ ಉರುಳುವ ಚಕ್ರಕ್ಕೆ ಪಕ್ಕದ ಕಮಾನು ಇದ್ದೇ ಇರುತ್ತಲ್ಲ. ಒಂದು ಕಮಾನು ಅಂದರೆ ಎಲ್ಲಿಂದ ಎಲ್ಲಿಗೆ ಅಂತ ಮೊದಲು ಹೇಳಿ, ಆಮೇಲೆ ಸಂಖ್ಯೆ.

ಉರುಳುಗಲ್ಲು
ನನಗೆ ಬೇಕಾಗಿರೋದು ಹಳಿಯ ಮೇಲೆ ಬಣ್ಣ ಬೀಳೋ ಜಾಗ, ಒಂದು ಸುತ್ತಿಗೆ ಎಷ್ಟು ಅಂತ. ಹಾಗಾದರೆ ಅಡ್ಡಗೆರೆಯವರ ಲೆಕ್ಕ ಬೇಕು. ಗೆರೆಗಳು ಒಂದನ್ನೊಂದು ದಾಟುವ ಬಿಂದುವಿಗೆ θ ಎಷ್ಟು?

ಹಳೇಪೆನ್ಸಿಲ್
ಸಮಾಂಗತೆಯಿಂದ ಆ ಬಿಂದು x = 0 ಯಲ್ಲಿ ಬರುತ್ತೆ, ಅಂದರೆ rθ = d sin θ. r = 1, d = 2 ಕ್ಕೆ θ = 2 sin θ. ಸೂತ್ರದಲ್ಲಿ ಬಿಡಿಸೋಕೆ ಬರಲ್ಲ, ಸಂಖ್ಯೆ ಹಾಕಿ ಹತ್ತಿರ ಹೋಗಬೇಕು: 1.895 ರ ಆಸುಪಾಸು. ಅಲ್ಲಿಂದ 2π − 1.895 ವರೆಗೆ y² ಇಂಟಿಗ್ರೇಟ್ ಮಾಡಿ. ದಾಟುವ ಬಿಂದುವಿನ ಕೆಳಗೆ ಕಮಾನಿನ ಬದಿ ಪಕ್ಕದ ಕಮಾನಿನೊಳಗೆ ನುಗ್ಗಿರುತ್ತೆ, ಅದನ್ನು ಸೇರಿಸಬೇಡಿ.